ಆಫೀಸಿನಲ್ಲಿ ಸಲುಗೆಯೋ, ಕಿರುಕುಳವೋ? ಗುರುತಿಸಿ, ಬರೆದಿಟ್ಟು, ದೂರು ಕೊಡುವುದು ಹೇಗೆ

ನಮ್ಮಲ್ಲಿ ‘ಊಟ ಆಯ್ತಾ?’ ಅಂದರೆ ನಮಸ್ಕಾರ ಅಂದ ಹಾಗೆ. ಮಧ್ಯಾಹ್ನ ಲಿಫ್ಟಿನಲ್ಲಿ ಸಿಕ್ಕ ಮ್ಯಾನೇಜರ್ ಹಾಗೆ ಕೇಳಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅದೇ ಮ್ಯಾನೇಜರ್ ರಾತ್ರಿ 11:40ಕ್ಕೆ ವಾಟ್ಸಾಪಿನಲ್ಲಿ ಕೇಳಿದರೆ? ವಾರಕ್ಕೆ ನಾಲ್ಕು ಸಲ ಕೇಳಿದರೆ? ಮಾತು ಅದೇ, ಆದರೆ ಫೋನ್ ಗುಂಯ್‌ಗುಟ್ಟಿದಾಗ ಹೊಟ್ಟೆಯಲ್ಲಿ ಕಸಿವಿಸಿ. ಯಾರಿಗಾದರೂ ಹೇಳೋಣ ಅಂದರೆ, ‘ಊಟ ಆಯ್ತಾ ಅಂದಿದ್ದಕ್ಕೆಲ್ಲ ದೂರಾ?’ ಅಂತ ನಗುತ್ತಾರೇನೋ ಅನ್ನುವ ಅಳುಕು.

ನಾನು ಕೆಲವು ಕಂಪನಿಗಳಲ್ಲಿ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿಯ ಹೊರಗಿನ ಸದಸ್ಯೆ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಆಗುವ ಲೈಂಗಿಕ ಕಿರುಕುಳ ತಡೆಯುವ 2013ರ ಪೋಶ್ ಕಾಯ್ದೆ ಪ್ರಕಾರ 10 ಅಥವಾ ಜಾಸ್ತಿ ಜನ ಕೆಲಸ ಮಾಡುವ ಕಡೆ ಈ ಸಮಿತಿ ಇರಲೇಬೇಕು. ಕಂಪನಿಗೆ ಸೇರದ ಒಬ್ಬರು ಅದರಲ್ಲಿ ಕೂರಬೇಕು, ಆ ಕುರ್ಚಿ ನನ್ನದು. ಅಲ್ಲಿ ಕೇಳಿದ್ದನ್ನು ಹೊರಗೆ ಹೇಳುವಂತಿಲ್ಲ. ಹಾಗಾಗಿ ಕೆಳಗೆ ಬರುವ ರೇಖಾ ಒಬ್ಬ ವ್ಯಕ್ತಿಯಲ್ಲ. ನಾಲ್ಕಾರು ಪ್ರಕರಣಗಳನ್ನು ಕಲಸಿ, ಹೆಸರು, ತಾರೀಖು ಬದಲಿಸಿ ಕಟ್ಟಿದ ಕಥೆ.

ಮೊದಲು: ‘ಬೇಡ’ ಅಂದ ಮೇಲೆ ಏನಾಯಿತು ನೋಡಿ

ರೇಖಾ ಬೆಂಗಳೂರಿನ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದಾಳೆ. ಪಕ್ಕದ ಟೀಮಿನ ಹುಡುಗನೊಬ್ಬ ಅವಳಿಗೆ ಕಾಳು ಹಾಕುತ್ತಿದ್ದ, ಇದು ಇಡೀ ಫ್ಲೋರಿಗೆ ಗೊತ್ತು. ‘ಈ ಸೀರೆ ನಿಮಗೆ ಚೆನ್ನಾಗಿ ಒಪ್ಪುತ್ತೆ’ ಅಂದ. ಒಂದು ದಿನ ಕಾಫಿಗೆ ಕರೆದ. ಅವಳು ‘ಇಲ್ಲಪ್ಪ, ನನಗೆ ಅಂಥ ಯೋಚನೆ ಇಲ್ಲ’ ಅಂದಳು. ಅವನ ಮುಖ ಕೆಂಪಾಯಿತು, ಒಂದು ವಾರ ತಪ್ಪಿಸಿಕೊಂಡು ಓಡಾಡಿದ, ಆಮೇಲೆ ಮಾಮೂಲಿನಂತೆ ಇನ್‌ವಾಯ್ಸ್ ಕೇಳೋಕೆ ಬಂದ. ಅಲ್ಲಿಗೆ ಮುಗಿಯಿತು. ಇದು ಕಿರುಕುಳ ಅಲ್ಲ. ಇಷ್ಟ ಇದೆಯಾ ಅಂತ ಮರ್ಯಾದೆಯಿಂದ ಒಮ್ಮೆ ಕೇಳುವುದನ್ನು ಕಾಯ್ದೆ ತಡೆಯುವುದಿಲ್ಲ.

ಇನ್ನೊಬ್ಬರು ಅವಳ ಮ್ಯಾನೇಜರ್. ಜನವರಿ 8ರಂದು ‘ಊಟ ಆಯ್ತಾ?’ ಶುರುವಾಯಿತು. ಮೊದಲ ವಾರ ಅವಳು ‘ಆಯ್ತು ಸರ್, ನಿಮ್ದು?’ ಅಂತ ನಗುವ ಇಮೋಜಿ ಹಾಕಿದಳು. ಮೂರನೇ ವಾರಕ್ಕೆ ಬರೀ ಹೆಬ್ಬೆಟ್ಟಿನ ಇಮೋಜಿ. ಆಮೇಲೆ ಉತ್ತರವೇ ಇಲ್ಲ. ಅವರ ಮೆಸೇಜು ಮಾತ್ರ ಜಾಸ್ತಿಯಾಯಿತು. ‘ಮಲಗಿದ್ರಾ?’ ಇದ್ದದ್ದು ‘ಮಲಗಿದ್ಯಾ?’ ಆಯಿತು. ಫೆಬ್ರವರಿ 3ರಂದು ಕ್ಯಾಬಿನ್‌ನಲ್ಲಿ ಎಕ್ಸೆಲ್ ತೋರಿಸುವ ನೆಪದಲ್ಲಿ ಕುರ್ಚಿಯ ಹಿಂದೆ ನಿಂತು ಹೆಗಲ ಮೇಲೆ ಕೈ ಇಟ್ಟರು, ತೆಗೆಯಲಿಲ್ಲ. 12ರಂದು ಅವಳು ‘ಬೇಡ’ ಅಂತ ಬರೆದು ಹೇಳಿದಳು. 26ರಂದು ಪ್ಯಾಂಟ್ರಿಯಲ್ಲಿ ಅವರು ಹೇಳಿದ್ದು: ‘ಅಪ್ರೈಸಲ್ ನನ್ನ ಕೈಲಿದೆ, ಒಂದು ಡಿನ್ನರ್‌ಗೆ ಬರೋಕೂ ಆಗಲ್ವಾ?’ ಮಾರ್ಚ್ 20ಕ್ಕೆ ಕಾರಣ ಹೇಳದೆ ಅವಳನ್ನು ಕ್ಲೈಂಟ್ ಮೀಟಿಂಗಿನಿಂದ ಕೈಬಿಟ್ಟರು.

ಕಾಯ್ದೆ ಕೇಳುವುದು ಮುಖ್ಯವಾಗಿ ಒಂದೇ ಪ್ರಶ್ನೆ: ಲೈಂಗಿಕ ಛಾಯೆಯ ಈ ನಡತೆ ಅವಳಿಗೆ ಬೇಡವಾಗಿತ್ತೇ? ಮಾಡಿದವರ ಮನಸ್ಸಿನಲ್ಲಿ ಏನಿತ್ತು ಅನ್ನುವುದು ಎರಡನೆಯ ಮಾತು. ‘ನಾನು ತಮಾಷೆಗೆ ಅಂದೆ’ ಅನ್ನುವುದು ಸಮಿತಿ ಮುಂದೆ ನಾನು ಅತಿ ಹೆಚ್ಚು ಕೇಳಿದ ವಾಕ್ಯ. ಅದರಿಂದ ನಡೆದದ್ದು ನಡೆಯಲಿಲ್ಲ ಅಂತ ಆಗುವುದಿಲ್ಲ. ಮುಟ್ಟಿದ್ದರೆ ಮಾತ್ರ ಕಿರುಕುಳ ಅನ್ನುವುದೂ ತಪ್ಪು. ಮೈಮುಟ್ಟದಿದ್ದರೂ ಲೈಂಗಿಕ ಕಿರುಕುಳ ಆಗುತ್ತದೆ ಅಂತ ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ.

ಇಲ್ಲಿ ಎರಡು ಎಚ್ಚರಿಕೆ. ಮೈಮೇಲೆ ಕೈ ಹಾಕುವುದು, ಅಪ್ರೈಸಲ್ ಅಥವಾ ಕೆಲಸವನ್ನು ಇದಕ್ಕೆ ತಳುಕು ಹಾಕುವುದು, ಅಶ್ಲೀಲ ಚಿತ್ರ ತೋರಿಸುವುದು, ಇವಕ್ಕೆ ಮೊದಲು ‘ಬೇಡ’ ಅನ್ನಲೇಬೇಕು ಅಂತೇನಿಲ್ಲ. ಒಂದೇ ಸಲ ಸಾಕು. ಎರಡನೆಯದು, ಮ್ಯಾನೇಜರ್ ಎದುರು ‘ಬೇಡ’ ಅನ್ನುವುದು ಪಕ್ಕದ ಟೀಮಿನ ಹುಡುಗನಿಗೆ ಅಂದಷ್ಟು ಸಲೀಸಲ್ಲ. ‘ನೋಡೋಣ ಸರ್’, ‘ಮನೇಲಿ ಕೇಳಬೇಕು ಸರ್’, ಉತ್ತರ ಕೊಡದೇ ಇರುವುದು, ಇವೂ ನಮ್ಮ ಕಡೆ ‘ಬೇಡ’ ಅನ್ನುವ ರೀತಿಗಳೇ. ಸಮಿತಿ ಅದನ್ನೂ ಓದುತ್ತದೆ. ಹಾಗಂತ ಅದನ್ನೇ ನೆಚ್ಚಿಕೊಂಡು ಕೂರಬೇಡಿ.

ಒಂದು ಸಲ ಬರೆದು ಹೇಳಿ

ಸುರಕ್ಷಿತ ಅನ್ನಿಸಿದರೆ, ಒಂದೇ ಒಂದು ಸಲ, ಸೌಮ್ಯ ಮಾಡದೆ, ಬೈಯದೆ ಬರೆಯಿರಿ. ರೇಖಾ ಬರೆದದ್ದು ಇಷ್ಟೇ:

‘ಸರ್, ಕೆಲಸದ ವಿಷಯ ಬಿಟ್ಟು ಬೇರೆಯದಕ್ಕೆ ರಾತ್ರಿ ಮೆಸೇಜ್ ಮಾಡಬೇಡಿ. 3ನೇ ತಾರೀಖು ಕ್ಯಾಬಿನ್‌ನಲ್ಲಿ ಹೆಗಲ ಮೇಲೆ ಕೈ ಇಟ್ಟಿರಿ, ಅದು ನನಗೆ ಇಷ್ಟವಾಗಲಿಲ್ಲ. ದಯವಿಟ್ಟು ಇನ್ನು ಹಾಗೆ ಮಾಡಬೇಡಿ.’

‘ಬೇಜಾರು ಮಾಡ್ಕೋಬೇಡಿ ಸರ್’ ಅಂತ ಕೊನೆಗೆ ಸೇರಿಸಲು ಬೆರಳು ತುರಿಸುತ್ತದೆ. ಸೇರಿಸಬೇಡಿ. ಇಮೋಜಿಯೂ ಬೇಡ. ಈ ಮೆಸೇಜಿನಿಂದ ಎರಡು ಲಾಭ. ಎದುರಿನವರು ನಿಜಕ್ಕೂ ಸಲುಗೆ ಅಂದುಕೊಂಡಿದ್ದರೆ ಅಲ್ಲಿಗೇ ನಿಲ್ಲಿಸುತ್ತಾರೆ, ಎಷ್ಟೋ ಸಲ ಹೀಗೂ ಆಗುತ್ತದೆ. ನಿಲ್ಲಿಸದಿದ್ದರೆ, ‘ನನಗೆ ಗೊತ್ತೇ ಇರಲಿಲ್ಲ’ ಅನ್ನುವ ಬಾಗಿಲು ಆ ದಿನದಿಂದ ಮುಚ್ಚಿತು. ಕೈ ಇಟ್ಟ ಘಟನೆಗೆ ತಾರೀಖು ಹಾಕಿದ್ದೂ ಜಾಣತನ. ಅವರು ‘ಯಾವ ಕೈ? ನಾನು ಮುಟ್ಟೇ ಇಲ್ಲ’ ಅನ್ನದೆ ‘ಅಯ್ಯೋ ಅದು ಸುಮ್ನೆ ಫ್ರೆಂಡ್ಲಿಯಾಗಿ’ ಅಂತ ಉತ್ತರ ಕೊಟ್ಟರು. ಮುಟ್ಟಿದ್ದು ನಿಜ ಅಂತ ಅವರೇ ಬರೆದುಕೊಟ್ಟ ಹಾಗಾಯಿತು.

ಅದೇ ರಾತ್ರಿ ಬರೆದಿಡಿ

ದೂರುಗಳು ಸೊರಗುವುದು ಸಾಮಾನ್ಯವಾಗಿ ಇಲ್ಲಿ. ಮೂರು ತಿಂಗಳ ನಂತರ ನೆನಪಿನಿಂದ ಬರೆದರೆ ‘ಅವರು ಯಾವಾಗಲೂ ಅಸಭ್ಯವಾಗಿ ನಡೆದುಕೊಳ್ಳುತ್ತಾರೆ’ ಅನ್ನುವ ವಾಕ್ಯ ಬರುತ್ತದೆ. ಅದು ನಿಜವೇ ಇರಬಹುದು. ಆದರೆ ಸಮಿತಿಗೆ ಅದರ ಮೇಲೆ ಕೇಳಲು ಒಂದು ಪ್ರಶ್ನೆಯೂ ಹುಟ್ಟುವುದಿಲ್ಲ. ರೇಖಾಳ ನೋಟ್ ಹೀಗಿತ್ತು:

‘ಫೆಬ್ರವರಿ 26, ಸುಮಾರು 4:15. ಮೂರನೇ ಮಹಡಿ ಪ್ಯಾಂಟ್ರಿ. ನಾನು ಟೀ ಹಿಡಿಯುತ್ತಿದ್ದೆ. ಹಿಂದಿನಿಂದ ಬಂದು ನಿಂತರು. ಹೇಳಿದ್ದು: “ಅಪ್ರೈಸಲ್ ನನ್ನ ಕೈಲಿದೆ, ಒಂದು ಡಿನ್ನರ್‌ಗೆ ಬರೋಕೂ ಆಗಲ್ವಾ?” ನಾನು ಮಾತಾಡದೆ ಹೊರಬಂದೆ. ಹೌಸ್‌ಕೀಪಿಂಗ್ ಅಕ್ಕ ಸಿಂಕ್ ಹತ್ತಿರ ಇದ್ದರು, ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. 4:30ಕ್ಕೆ ಗೆಳತಿಗೆ ಮೆಸೇಜ್ ಮಾಡಿ ಹೇಳಿದೆ.’

ಇಲ್ಲಿ ಅವರ ಬಾಯಿಂದ ಬಂದ ಮಾತು ಹಾಗೆಹಾಗೇ ಇದೆ. ಇಂಗ್ಲಿಷಿಗೆ ತಿರುಗಿಸಬೇಡಿ. ಕಂಪನಿಗಳಲ್ಲಿ ವರದಿ ಇಂಗ್ಲಿಷಿನಲ್ಲೇ ಆಗುವುದು ಹೆಚ್ಚು. ‘ಮಲಗಿದ್ರಾ’, ‘ಮಲಗಿದ್ಯಾ’ ಎರಡೂ ಅಲ್ಲಿ ಒಂದೇ ಆಗಿಬಿಡುತ್ತವೆ. ಬಹುವಚನ ಯಾವ ತಾರೀಖಿಗೆ ಏಕವಚನಕ್ಕೆ ಇಳಿಯಿತು ಅನ್ನುವುದು ನಮ್ಮ ಭಾಷೆ ತಾನಾಗಿ ಕೊಡುವ ಸಾಕ್ಷಿ. ಒಂದು ವಿಚಾರಣೆಯಲ್ಲಿ ಅನುವಾದದ ಪಕ್ಕ ಕನ್ನಡದ ಮೂಲವನ್ನೂ ಇಡಲು ನಾನೇ ಹೇಳಬೇಕಾಯಿತು. ಗೊತ್ತಿಲ್ಲದ್ದನ್ನು ‘ಗೊತ್ತಿಲ್ಲ’ ಅಂತ ಬರೆದಿರುವುದನ್ನೂ ಗಮನಿಸಿ. ಅಂಥ ಒಂದು ವಾಕ್ಯದಿಂದ ಉಳಿದ ವಾಕ್ಯಗಳ ಮೇಲೆ ನಂಬಿಕೆ ಬರುತ್ತದೆ.

ನೋಟನ್ನು ನಿಮ್ಮ ಸ್ವಂತ ಇಮೇಲ್‌ನಿಂದ ನಿಮಗೇ ಕಳಿಸಿಕೊಳ್ಳಿ. ಯಾವತ್ತು ಬರೆದಿರಿ ಅನ್ನುವುದಕ್ಕೆ ಅದರ ಮೇಲಿನ ತಾರೀಖೇ ಆಧಾರ. ಆಫೀಸ್ ಲ್ಯಾಪ್‌ಟಾಪಿನಲ್ಲಿ ಇಡಬೇಡಿ, ಕೆಲಸ ಬಿಟ್ಟ ದಿನ ಅದು ಅವರ ಕೈ ಸೇರುತ್ತದೆ. ಕ್ಲೈಂಟ್ ಫೈಲು, ಕಂಪನಿಯ ಗುಟ್ಟಿನ ಮೇಲ್ ಇವನ್ನೆಲ್ಲ ರಾಶಿಯಾಗಿ ಮನೆಗೆ ಕಳಿಸಿಕೊಳ್ಳುವುದೂ ಬೇಡ. ಆಮೇಲೆ ನಿಮ್ಮ ಮೇಲೆಯೇ ಇನ್ನೊಂದು ಕೇಸ್ ನಿಲ್ಲುತ್ತದೆ.

ಚಾಟ್ ಪೂರ್ತಿ ಉಳಿಸಿ

ಎಲ್ಲರೂ ಕೆಟ್ಟ ಮೆಸೇಜುಗಳ ಸ್ಕ್ರೀನ್‌ಶಾಟ್ ಮಾತ್ರ ತೆಗೆಯುತ್ತಾರೆ. ಆಗ ಎದುರಿನವರು ನಿಮ್ಮ ನಗುವ ಇಮೋಜಿ ಇರುವ ಸ್ಕ್ರೀನ್‌ಶಾಟ್ ತರುತ್ತಾರೆ. ‘ನೋಡಿ ಮೇಡಂ, ಇವರೇ ನಗ್ತಾ ಇದ್ರು.’ ರೇಖಾಳ ಮ್ಯಾನೇಜರ್ ತಂದದ್ದೂ ಅದನ್ನೇ. ಅವಳ ಹತ್ತಿರ ಪೂರ್ತಿ ಚಾಟ್ ಇತ್ತು. ನಾವು ಕೂತು ಎಣಿಸಿದೆವು. ಜನವರಿ 8ರಿಂದ ಫೆಬ್ರವರಿ 12ರವರೆಗೆ 36 ದಿನ. ಮಾತುಕತೆ ಶುರುವಾದದ್ದು 34 ಸಲ. ಅದರಲ್ಲಿ 29 ಅವರಿಂದ, 5 ಅವಳಿಂದ. ಆ ಐದೂ ಇನ್‌ವಾಯ್ಸ್, ರಜೆ, ಜಿಎಸ್‌ಟಿ. ನಗುವ ಇಮೋಜಿಗಳೆಲ್ಲ ಮೊದಲ ಎರಡು ವಾರದಲ್ಲೇ ಇದ್ದವು. ನಗು ಯಾವಾಗ ನಿಂತಿತು ಅನ್ನುವುದು ಪೂರ್ತಿ ಚಾಟಿನಲ್ಲಿ ಮಾತ್ರ ಕಾಣುತ್ತದೆ. ನಿಮ್ಮದೇ ಹಳೆಯ ಉತ್ತರಗಳ ಬಗ್ಗೆ ನಾಚಿಕೆಯಾಗಿ ಅಳಿಸಿಬಿಟ್ಟರೆ ನಿಮಗೆ ಆಗಬಹುದಾದ ಸಾಕ್ಷಿಯನ್ನೇ ಅಳಿಸಿದ ಹಾಗೆ.

ವಾಟ್ಸಾಪಿನಲ್ಲಿ ಆ ಚಾಟ್ ತೆರೆದು ಮೆನುವಿನಲ್ಲಿ Export chat ಒತ್ತಿ, ವಾಯ್ಸ್ ನೋಟ್, ಫೋಟೋ ಇದ್ದರೆ ಮೀಡಿಯಾ ಸಮೇತ ನಿಮ್ಮ ಇಮೇಲ್‌ಗೆ ಕಳಿಸಿ. ಚಾಟಿನಲ್ಲಿ Advanced chat privacy ಆನ್ ಆಗಿದ್ದರೆ ಎಕ್ಸ್‌ಪೋರ್ಟ್ ಆಗುವುದಿಲ್ಲ, ಆಗ ಮೇಲಿನಿಂದ ಕೆಳಗೆ ಸಾಲಾಗಿ ಸ್ಕ್ರೀನ್‌ಶಾಟ್ ತೆಗೆಯಬೇಕು. Disappearing messages ಆನ್ ಇದೆಯೇ ನೋಡಿ, ಇದ್ದರೆ ಚಾಟ್ ಮಾಯವಾಗುವ ಮೊದಲು ಇವತ್ತೇ ಉಳಿಸಿಕೊಳ್ಳಿ. ಕಾಂಟ್ಯಾಕ್ಟ್ ಪುಟ ತೆರೆದು ಫೋನ್ ನಂಬರ್ ಕಾಣುವಂತೆ ಒಂದು ಸ್ಕ್ರೀನ್‌ಶಾಟ್ ಇರಲಿ. ನೀವು ‘ಬಾಸ್’ ಅಂತ ಸೇವ್ ಮಾಡಿದ್ದರೆ ಅದು ಯಾರ ನಂಬರ್ ಅಂತ ಹೇಗೆ ಗೊತ್ತಾಗಬೇಕು, ಅಲ್ವಾ? ಸ್ಕ್ರೀನ್‌ಶಾಟನ್ನು ಕತ್ತರಿಸಬೇಡಿ, ಕೆಂಪು ಗೆರೆ ಹಾಕಬೇಡಿ. ಅವರು ಮೆಸೇಜ್ ಅಳಿಸಿದ್ದರೂ ಅಳಿಸಿದ ಗುರುತು ಉಳಿದಿರುತ್ತದೆ, ಅದನ್ನೂ ಹಿಡಿದಿಡಿ.

ಸಿಸಿಟಿವಿಯ ಮಾತು ಬೇರೆ. ಅದರ ಹಳೆಯ ದೃಶ್ಯದ ಮೇಲೆ ಹೊಸದು ಬರೆದುಕೊಳ್ಳುತ್ತಾ ಹೋಗುತ್ತದೆ, ಹಲವು ಕಡೆ ಒಂದು ತಿಂಗಳಷ್ಟೂ ಉಳಿಯುವುದಿಲ್ಲ. ಕ್ಯಾಮೆರಾ ಇರುವ ಜಾಗದಲ್ಲಿ ಘಟನೆ ನಡೆದಿದ್ದರೆ ದೂರು ತಯಾರಾಗುವವರೆಗೂ ಕಾಯದೆ ಸಮಿತಿಗೆ ಒಂದು ಸಾಲು ಮೇಲ್ ಹಾಕಿ: ‘ಇಂಥ ದಿನ, ಇಂಥ ಹೊತ್ತಿನ, ಇಂಥ ಜಾಗದ ದೃಶ್ಯ ಉಳಿಸಿಡಿ.’ ರೇಖಾ ಇದನ್ನು ಮಾಡಿರಲಿಲ್ಲ. ಪ್ಯಾಂಟ್ರಿಯ ದೃಶ್ಯ ಕೇಳುವ ಹೊತ್ತಿಗೆ ಅಳಿದುಹೋಗಿತ್ತು. ಅವಳನ್ನು ಕಾಪಾಡಿದ್ದು 4:30ರ ಮೆಸೇಜು. ಪ್ರತ್ಯಕ್ಷ ಕಂಡವರಿಲ್ಲದಿದ್ದರೂ, ಅದೇ ದಿನ ಯಾರಿಗಾದರೂ ಹೇಳಿಕೊಂಡದ್ದಕ್ಕೆ ಬೆಲೆಯಿದೆ. ಸಮಿತಿಯ ಮುಂದೆ ಕ್ರಿಮಿನಲ್ ಕೋರ್ಟಿನಷ್ಟು ಗಟ್ಟಿ ರುಜುವಾತು ಬೇಕಿಲ್ಲ. ಯಾರು ಹೇಳಿದಂತೆ ನಡೆದಿರುವ ಸಂಭವ ಹೆಚ್ಚು ಅನ್ನುವುದನ್ನು ತೂಗುತ್ತಾರೆ.

ಮೂರು ತಿಂಗಳ ಲೆಕ್ಕ

ಘಟನೆಯಾದ ಮೂರು ತಿಂಗಳೊಳಗೆ ಬರಹದಲ್ಲಿ ದೂರು ಕೊಡಬೇಕು. ಸಾಲಾಗಿ ನಡೆದಿದ್ದರೆ ಕೊನೆಯ ಘಟನೆಯಿಂದ ಎಣಿಕೆ. ಸರಿಯಾದ ಕಾರಣವಿದ್ದರೆ ಸಮಿತಿ ಅದನ್ನು ಬರೆದಿಟ್ಟು ಇನ್ನೂ ಮೂರು ತಿಂಗಳು ಕೊಡಬಹುದು, ಅದಕ್ಕಿಂತ ಹೆಚ್ಚಿಲ್ಲ.

ಕೊನೆಯ ಘಟನೆ ಯಾವುದು? ರೇಖಾ ಮಾರ್ಚ್ 20 ಅಂದುಕೊಂಡಿದ್ದಳು, ಮೀಟಿಂಗಿನಿಂದ ಕೈಬಿಟ್ಟ ದಿನ. ನಾನಾದರೆ ಫೆಬ್ರವರಿ 26ರಿಂದ ಎಣಿಸುತ್ತೇನೆ. ಯಾಕೆಂದರೆ ಕೋಲ್ಕತ್ತಾದ ಒಂದು ಕಾನೂನು ವಿಶ್ವವಿದ್ಯಾಲಯದ ಪ್ರಕರಣದಲ್ಲಿ, 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದೂರು ತಡವಾಯಿತು ಅಂದಿತು. ಕಿರುಕುಳದ ಕೊನೆಯ ಘಟನೆ ಏಪ್ರಿಲ್‌ನದು, ದೂರು ಡಿಸೆಂಬರ್‌ನದು. ನಡುವೆ ದೂರು ಕೊಟ್ಟವರನ್ನು ಹುದ್ದೆಯಿಂದ ತೆಗೆದದ್ದನ್ನು ಕೋರ್ಟ್ ಆಡಳಿತದ ಕ್ರಮ ಅಂತ ಬೇರೆ ಮಾಡಿತು, ಕಿರುಕುಳದ ಮುಂದುವರಿಕೆ ಅಂತ ಎಣಿಸಲಿಲ್ಲ. ಹಾಗಾಗಿ ಸ್ಪಷ್ಟವಾಗಿ ಲೈಂಗಿಕ ಛಾಯೆಯಿದ್ದ ಕೊನೆಯ ಘಟನೆಯ ತಾರೀಖನ್ನೇ ಹಿಡಿಯಿರಿ. ಆಮೇಲೆ ನಡೆದ ಸೇಡಿನ ಕ್ರಮವನ್ನೂ ದೂರಿನಲ್ಲಿ ಬರೆಯಿರಿ, ಆದರೆ ಲೆಕ್ಕ ಅದರಿಂದ ಬೇಡ. ರೇಖಾಗೆ ಮೇ 26ರವರೆಗೆ ಸಮಯವಿತ್ತು. ಏಪ್ರಿಲ್ 14ಕ್ಕೆ ಕೊಟ್ಟಳು.

ಇನ್ನೊಂದು ಗುಂಡಿ ಇದೆ, ಹೆಚ್ಚು ಜನ ಬೀಳುವುದು ಇಲ್ಲೇ. ಎಚ್‌ಆರ್ ಜೊತೆ ಕಾಫಿ ಕುಡಿಯುತ್ತಾ ಹೇಳಿಕೊಂಡರೆ ಅದು ದೂರಲ್ಲ. ‘ನಾನು ಅವರ ಹತ್ತಿರ ಮಾತಾಡ್ತೀನಿ, ಸ್ವಲ್ಪ ತಾಳಿ’ ಅಂತ ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಬಹುದು. ಅಷ್ಟರಲ್ಲಿ ತಿಂಗಳು ಎರಡು ಕಳೆದಿರುತ್ತವೆ. ದೂರು ಬರಹದಲ್ಲಿರಬೇಕು, ಆಂತರಿಕ ಸಮಿತಿಯ ಹೆಸರಿಗೇ ಹೋಗಬೇಕು.

ದೂರು ಬರೆಯುವುದು, ಕೊಡುವುದು

ಸಮಿತಿಯ ಸದಸ್ಯರು ಯಾರು ಅನ್ನುವುದನ್ನು ಎಲ್ಲರಿಗೂ ಕಾಣುವಂತೆ ಹಾಕುವುದು ಕಂಪನಿಯ ಹೊಣೆ. ನೋಟಿಸ್ ಬೋರ್ಡ್ ನೋಡಿ, ಇಲ್ಲದಿದ್ದರೆ ಒಳಗಿನ ವೆಬ್ ಪುಟದಲ್ಲಿ ಹುಡುಕಿ. 10ಕ್ಕಿಂತ ಕಡಿಮೆ ಜನರಿರುವ ಅಂಗಡಿ, ಕ್ಲಿನಿಕ್ ಆದರೆ, ಅಥವಾ ದೂರು ಮಾಲೀಕರ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬೇಕು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಮನೆಗೆಲಸದವರಿಗೂ ಇದೇ ದಾರಿ. ಕೇಂದ್ರ ಸರ್ಕಾರದ SHe-Box ಪೋರ್ಟಲ್‌ನಲ್ಲೂ ದೂರು ಹಾಕಬಹುದು. ಗುತ್ತಿಗೆ, ಟ್ರೈನಿ, ಇಂಟರ್ನ್, ಯಾರಾದರೂ ಸರಿ. ಆಫೀಸ್ ಕ್ಯಾಬ್, ಔಟಿಂಗ್‌ಗೆ ಹೋದ ರೆಸಾರ್ಟ್, ಇವೂ ಕೆಲಸದ ಜಾಗವೇ. ಕಾಯ್ದೆಯ ದೂರು ಹೆಣ್ಣುಮಕ್ಕಳಿಗೆ ಮಾತ್ರ. ಗಂಡಸರು ತಮ್ಮ ಕಂಪನಿಯ ಸ್ವಂತ ನಿಯಮದಲ್ಲಿ ಜಾಗವಿದೆಯೇ ನೋಡಬೇಕು, ಕೆಲವು ಕಡೆ ಇದೆ.

ದೂರು ಎರಡು ಪುಟ ಮೀರಬೇಕಿಲ್ಲ. ನೀವು ಯಾರು, ಅವರು ಯಾರು, ಅವರು ನಿಮ್ಮ ಮೇಲಿನವರೇ, ಇದು ಒಂದು ಪ್ಯಾರಾ. ಆಮೇಲೆ ತಾರೀಖಿನ ಪ್ರಕಾರ ಘಟನೆಗಳು, ಒಂದೊಂದಕ್ಕೂ ಒಂದು ಪ್ಯಾರಾ, ಪಕ್ಕದಲ್ಲಿ ಯಾವ ದಾಖಲೆ ಅನ್ನುವ ನಂಬರ್. ಯಾವತ್ತು ‘ಬೇಡ’ ಅಂದಿರಿ, ಆಮೇಲೆ ಏನಾಯಿತು. ಸಾಕ್ಷಿಗಳ ಹೆಸರು, ವಿಳಾಸ. ‘ಇವರು ಕಾಮುಕರು’ ಅನ್ನುವಂಥ ವಿಶೇಷಣ ಬೇಡ, ಅದನ್ನು ತೀರ್ಮಾನಿಸುವುದು ಸಮಿತಿ. ನಿಯಮದ ಪ್ರಕಾರ ಆರು ಪ್ರತಿ ಕೊಡಬೇಕು. ಬರೆಯುವುದು ಕಷ್ಟವಾದರೆ ಬರೆದುಕೊಡಲು ಸಮಿತಿಯೇ ನೆರವಾಗಬೇಕು, ಇದೂ ಕಾಯ್ದೆಯಲ್ಲೇ ಇದೆ. ಕೊಟ್ಟದ್ದಕ್ಕೆ ತಾರೀಖು ಹಾಕಿದ ಸ್ವೀಕೃತಿ ತೆಗೆದುಕೊಳ್ಳದೆ ಹೊರಬರಬೇಡಿ.

ದೂರಿನ ಕೊನೆಯಲ್ಲೇ ಮಧ್ಯಂತರ ಪರಿಹಾರ ಕೇಳಿ. ಬರೆದು ಕೇಳಿದರಷ್ಟೇ ಸಿಗುತ್ತದೆ. ವಿಚಾರಣೆ ಮುಗಿಯುವವರೆಗೆ ಅವರನ್ನೋ ನಿಮ್ಮನ್ನೋ ಬೇರೆ ಕಡೆ ಹಾಕುವುದು, ಮೂರು ತಿಂಗಳವರೆಗೆ ಹೆಚ್ಚುವರಿ ರಜೆ, ನಿಮ್ಮ ಅಪ್ರೈಸಲ್ ಅವರು ಬರೆಯದಂತೆ ತಡೆಯುವುದು, ಇವನ್ನು ಸಮಿತಿ ಶಿಫಾರಸು ಮಾಡಬಹುದು. ರೇಖಾ ಕೊನೆಯದನ್ನು ಮಾತ್ರ ಕೇಳಿದಳು. ಆ ವರ್ಷದ ಅಪ್ರೈಸಲ್ ಬೇರೆಯವರು ಬರೆದರು.

ಕೊಟ್ಟ ಮೇಲೆ

ಏಳು ಕೆಲಸದ ದಿನಗಳಲ್ಲಿ ದೂರಿನ ಪ್ರತಿ ಎದುರಿನವರಿಗೆ ಹೋಗುತ್ತದೆ. ಹತ್ತು ಕೆಲಸದ ದಿನಗಳಲ್ಲಿ ಅವರು ಉತ್ತರ ಕೊಡಬೇಕು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ವಕೀಲರನ್ನು ಇಬ್ಬರೂ ಕರೆತರುವಂತಿಲ್ಲ.

ಈ ನಡುವೆ ‘ರಾಜಿ ಮಾಡ್ಕೊಳ್ಳಿ’ ಅನ್ನುವ ಮಾತು ಬಂದೇ ಬರುತ್ತದೆ. ರಾಜಿಯ ದಾರಿ ಕಾಯ್ದೆಯಲ್ಲಿದೆ, ಆದರೆ ಅದನ್ನು ಕೇಳಬೇಕಾದವರು ನೀವು, ಸಮಿತಿಯಲ್ಲ. ದುಡ್ಡಿನ ಮೇಲೆ ರಾಜಿ ಆಗುವಂತಿಲ್ಲ. ರಾಜಿಯಾದರೆ ವಿಚಾರಣೆ ಅಲ್ಲಿಗೇ ನಿಲ್ಲುತ್ತದೆ. ಬಾಯಿಮಾತಿನ ‘ಸಾರಿ’ ನಂಬಿ ಒಪ್ಪಬೇಡಿ. ಏನು ಮಾಡುತ್ತಾರೆ, ಏನು ಮಾಡುವುದಿಲ್ಲ ಅನ್ನುವುದು ಬರಹದಲ್ಲಿರಲಿ.

‘ಸಾಬೀತಾಗದಿದ್ದರೆ ನನ್ನ ಮೇಲೇ ಕ್ರಮ ಆಗುತ್ತಾ?’ ಅಂತ ಎಲ್ಲರೂ ಕೇಳುತ್ತಾರೆ. ಬೇಕಂತಲೇ ಸುಳ್ಳು ಹೇಳಿದ್ದು ವಿಚಾರಣೆಯಲ್ಲಿ ಗೊತ್ತಾದರೆ ಮಾತ್ರ. ಸಾಕ್ಷಿ ಸಾಲಲಿಲ್ಲ ಅನ್ನುವುದಷ್ಟೇ ಸುಳ್ಳು ದೂರಿಗೆ ಸಮವಲ್ಲ, ಕಾಯ್ದೆ ಇದನ್ನು ಬಿಡಿಸಿ ಹೇಳಿದೆ. ಆದರೆ ಗೌಪ್ಯತೆ ನಿಮಗೂ ಅನ್ವಯಿಸುತ್ತದೆ. ದೂರು ಕೊಟ್ಟ ರಾತ್ರಿ ಫೇಸ್‌ಬುಕ್‌ನಲ್ಲಿ ಹೆಸರು ಹಾಕಿ ಬರೆದರೆ ನೀವೇ ನಿಯಮ ಮುರಿದಂತೆ.

ಬೆನ್ನು ಬಿದ್ದು ಹಿಂಬಾಲಿಸುವುದು, ಮೈಮೇಲೆ ಬೀಳುವುದು, ಬೆದರಿಕೆ ಇದ್ದರೆ ಸಮಿತಿಗೆ ಕಾಯಬೇಡಿ. ಭಾರತೀಯ ನ್ಯಾಯ ಸಂಹಿತೆಯ 75ನೇ ಸೆಕ್ಷನ್ ಲೈಂಗಿಕ ಕಿರುಕುಳಕ್ಕೆ, 78ನೇದು ಹಿಂಬಾಲಿಸುವುದಕ್ಕೆ. ಪೊಲೀಸ್ ದೂರು, ಸಮಿತಿಯ ದೂರು ಎರಡೂ ಒಟ್ಟಿಗೆ ನಡೆಯಬಹುದು. ತುರ್ತಿಗೆ 112, ಸಲಹೆಗೆ ಮಹಿಳಾ ಸಹಾಯವಾಣಿ 181.

ವಿಚಾರಣೆ ಮುಗಿದ ಹತ್ತು ದಿನದಲ್ಲಿ ವರದಿ ಕಂಪನಿಗೂ ಇಬ್ಬರಿಗೂ ಸಿಗಬೇಕು. ಶಿಫಾರಸಿನ ಮೇಲೆ 60 ದಿನದಲ್ಲಿ ಕಂಪನಿ ಕ್ರಮ ತೆಗೆದುಕೊಳ್ಳಬೇಕು. ರೇಖಾಳ ಪ್ರಕರಣದಲ್ಲಿ ಲಿಖಿತ ಕ್ಷಮೆ, ಒಂದು ಇನ್‌ಕ್ರಿಮೆಂಟ್ ತಡೆ, ಅವಳ ರಿಪೋರ್ಟಿಂಗ್ ಬೇರೆಯವರಿಗೆ. ಕೆಲಸದಿಂದ ತೆಗೆಯುತ್ತಾರೆ ಅಂತ ಅವಳು ಅಂದುಕೊಂಡಿದ್ದಳು, ಹಾಗಾಗಲಿಲ್ಲ. ಒಪ್ಪಿಗೆಯಾಗದಿದ್ದರೆ 90 ದಿನದಲ್ಲಿ ಮೇಲ್ಮನವಿ ಹಾಕಬಹುದು. ಎದುರಿನವರೂ ಹಾಕಬಹುದು. ಅಲ್ಲಿ ಮೂಲ ಚಾಟ್ ಕೇಳುವ ಸಾಧ್ಯತೆ ಇರುತ್ತದೆ. ಹಾಗಾಗಿ ಅದೆಲ್ಲ ಮುಗಿಯುವವರೆಗೆ ಆ ಹಳೇ ಫೋನನ್ನು ಎಕ್ಸ್‌ಚೇಂಜ್ ಆಫರ್‌ಗೆ ಕೊಡಬೇಡಿ.